ಬೆನ್ನ ಹಿಂದಿನ ದನಿ

ಹದಿನೆಂಟು ವರ್ಷ ಮಣಿಯಣ್ಣನ ಮುಂದೆ ನಿಂತು ಆಡಿದ್ದೇನೆ. ಆದರೆ ಅವನ ಆಟವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಫುಟ್‌ಬಾಲ್‌ನಲ್ಲಿ ಗೋಲಿನ ಮುಂದೆ ತಡೆಯಾಗಿ ನಿಲ್ಲುವ ಸ್ಟಾಪರ್ ಬ್ಯಾಕ್‌ಗೆ ಗೋಲ್‌ಕೀಪರ್ ಅಂದರೆ ಬೆನ್ನ ಹಿಂದಿನ ಒಂದು ದನಿ. "ಶರೀಫಾ, ಎಡಕ್ಕೆ!" ಅಂದರೆ ಎಡಕ್ಕೆ ಸರಿಯಬೇಕು. "ಶರೀಫಾ, ಬಿಡು!" ಅಂದರೆ ತಲೆ ಬಗ್ಗಿಸಬೇಕು. ತಿರುಗಿ ನೋಡಲು ಪುರುಸೊತ್ತೆಲ್ಲಿ?

ಫೆಬ್ರವರಿಯಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ಹಾಗಾಗಿ ಮೇ ತಿಂಗಳ ಆ ಭಾನುವಾರ, ಸುಂಟಿಕೊಪ್ಪದಲ್ಲಿ ಅಮ್ಮತ್ತಿಯವರ ಮೇಲೆ ಅವನ ಕೊನೆಯ ಮ್ಯಾಚ್ ನಡೆದಾಗ, ನಾನು ಗೋಲಿನ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಅವನಿಗೆ 45. ಮೆಣಸು ಕೊಯ್ಯುವ ಕೆಲಸ. ಜನವರಿಯಿಂದ ಏಪ್ರಿಲ್‌ವರೆಗೆ ಒಂಟಿ ಬಿದಿರಿನ ಏಣಿ ಹೆಗಲ ಮೇಲೆ ಹೊತ್ತು ಮರದಿಂದ ಮರಕ್ಕೆ ಓಡಾಡುತ್ತಾನೆ. ಅಷ್ಟು ಎತ್ತರ ಹತ್ತಲು ಹೆದರದವನು ಈ ವರ್ಷ ನನ್ನ ಹತ್ತಿರ ಮೆಲ್ಲಗೆ ಹೇಳಿದ್ದ, "ಹಾರಿದ ಮೇಲೆ ಕೆಳಗೆ ಬೀಳೋದು ನೋವಾಗುತ್ತೆ ಶರೀಫಾ. ಸಾಕು."

ಆಟ ಶುರುವಾಗುವ ಮುಂಚೆ ಗ್ಲೌಸಿನ ಮೇಲೆ ಬಾಟಲಿಯಿಂದ ನೀರು ಹಾಕಿ ಉಜ್ಜಿದ. ಒಣಗಿದ ಗ್ಲೌಸು ಚೆಂಡು ಹಿಡಿಯುವುದಿಲ್ಲ. ಬಲಗೈ ಕಿರುಬೆರಳು ಯಾವತ್ತೋ ಮುರಿದು ಹೊರಗೆ ಸೊಟ್ಟಗಾಗಿದೆ. ಅದನ್ನು ಉಂಗುರ ಬೆರಳಿಗೆ ಸೇರಿಸಿ ಟೇಪ್ ಸುತ್ತಿಕೊಂಡಿದ್ದ. ಆಮೇಲೆ ಕಂಬದ ಹತ್ತಿರ ಹೋಗಿ ಹೆಜ್ಜೆ ಎಣಿಸಿದ. ಗೋಲಿನ ಅಗಲ 8 ಗಜ. ನಾಲ್ಕು ದೊಡ್ಡ ಹೆಜ್ಜೆ ಹಾಕಿದರೆ ನಡುಮಧ್ಯ. ಅಲ್ಲಿ ಹಿಮ್ಮಡಿಯಿಂದ ಒಂದು ಗೀರು ಎಳೆಯುವುದು ಅವನ ರೂಢಿ. ಆವತ್ತು ಐದು ಹೆಜ್ಜೆ ಆಯಿತು. ಒಂದು ಗಳಿಗೆ ಕಂಬದ ಕಡೆ ನೋಡಿದ. ಏನೂ ಹೇಳದೆ ಗೀರು ಎಳೆದ.

ಮೊದಲರ್ಧ ಗೋಲಿಲ್ಲ. ನಾನು ನೋಡುತ್ತಲೇ ಇದ್ದೆ. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಇದೆಲ್ಲ ನಡೆಯುತ್ತಿತ್ತಾ? ಚೆಂಡು ಆ ಕಡೆ ಇದ್ದಾಗಲೂ ಅವನು ಸುಮ್ನೆ ನಿಲ್ಲುತ್ತಿರಲಿಲ್ಲ. ಚೆಂಡು ಹೋದತ್ತ ಒಂದೊಂದೇ ಹೆಜ್ಜೆ ಸರಿಯುತ್ತಾ, ತುಟಿಯೊಳಗೇ ನಮ್ಮ ಹುಡುಗರನ್ನು ಎಣಿಸುತ್ತಿದ್ದ. ಇಂಟರ್ವಲ್ ಆದಾಗ ಕುರ್ಚಿ ಹೊತ್ತುಕೊಂಡು ಕುಂಟುತ್ತಾ ಆಚೆ ಗೋಲಿನ ಹಿಂದೆ ಹೋಗಿ ಕೂತೆ.

ಮಳೆ ಬಂತು. ನನ್ನ ಜಾಗದಲ್ಲಿ ಆಡುತ್ತಿದ್ದವನು ನಿತಿನ್, 19ರ ಹುಡುಗ. ಅಮ್ಮತ್ತಿಯವರ ಎಡಗಡೆ ವಿಂಗ್‌ನಿಂದ ಚೆಂಡು ಎತ್ತರಕ್ಕೆ ಬಂತು. ಮಣಿಯಣ್ಣ ಮುಂದೆ ಓಡಿದ. ಕೂಗಿದ.

"ಶರೀಫಾ, ಬಿಡು!"

ನಾನು ಕುರ್ಚಿಯಲ್ಲೇ ತಲೆ ಬಗ್ಗಿಸಿದೆ.

ನಿತಿನ್ ಬಗ್ಗಿಸಲಿಲ್ಲ. ಅವನ ಹೆಸರು ಶರೀಫ ಅಲ್ಲವಲ್ಲ. ಹೆಡ್ ಮಾಡಲು ಹಾರಿದ. ಇಬ್ಬರೂ ಢಿಕ್ಕಿ ಹೊಡೆದು ಕೆಸರಿಗೆ ಬಿದ್ದರು. ಚೆಂಡು ಜಾರಿ ಅವರ ಸ್ಟ್ರೈಕರ್ ಕಾಲಿಗೆ ಸಿಕ್ಕಿತು. ಖಾಲಿ ಗೋಲು.

ಜನ ಬೊಬ್ಬೆ ಹೊಡೆದರು. ನಿತಿನ್ ಮುಖ ಮುಚ್ಚಿಕೊಂಡು ಕೂತುಬಿಟ್ಟಿದ್ದ. ಮಣಿಯಣ್ಣ ನೆಲಕ್ಕೆ ಕೈ ಊರಿ ನಿಧಾನಕ್ಕೆ ಎದ್ದ, ಅವನನ್ನೂ ಎಬ್ಬಿಸಿದ. ನಾನು ಹತ್ತಿರವೇ ಇದ್ದೆನಲ್ಲ, ಪ್ರತಿ ಮಾತೂ ಕೇಳಿಸಿತು.

"ನಿಂದಲ್ಲ ಮಾರಾಯ, ತಪ್ಪು ನಂದು. ನಿನ್ನ ಹೆಸರು ಕರೀಲಿಲ್ಲ ನಾನು."

ನನ್ನ ಗಂಟಲು ಕಟ್ಟಿತು. ಹತ್ತೇ ನಿಮಿಷ ಉಳಿದಿತ್ತು. ಆ ಹತ್ತು ನಿಮಿಷ ಅವನ ಬಾಯಿ ನಿಲ್ಲಲಿಲ್ಲ. "ನಿತಿನ್, ಬಲಕ್ಕೆ! ನಿತಿನ್, ಮುಂದೆ ಹೋಗು!" ಚೆಂಡು ಎಲ್ಲೋ ಇದ್ದಾಗಲೂ ಆ ಹೆಸರು ಕರೆದ. ನಾಲಿಗೆಗೆ ರೂಢಿ ಮಾಡಿಸುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು.

ಕೊನೆಗೆ ಒಂದು ಕಾರ್ನರ್. ಗೋಲಿನ ಮುಂದೆ ಹತ್ತು ಹನ್ನೆರಡು ಜನ ಒತ್ತಿ ನಿಂತಿದ್ದರು. ಚೆಂಡು ತಿರುಗುತ್ತಾ ಒಳಗೆ ಬಂತು.

"ನಿತಿನ್, ಬಿಡು!"

ಹುಡುಗ ತಕ್ಷಣ ಬಗ್ಗಿದ. ಅವನ ತಲೆಯ ಮೇಲಿಂದ ಎರಡು ಗ್ಲೌಸು ಮೇಲಕ್ಕೆ ಹೋದವು. ಚೆಂಡನ್ನು ಎದೆಗೆ ಅವಚಿಕೊಂಡು ಮಣಿಯಣ್ಣ ದಪ್ಪಂತ ಬಿದ್ದ. ಆ ಸದ್ದು ನನ್ನ ಪಕ್ಕೆಗೇ ತಾಗಿದ ಹಾಗಾಯಿತು. ಅವನು ಎದ್ದು ಚೆಂಡು ಎಸೆಯುವಷ್ಟರಲ್ಲಿ ರೆಫ್ರಿ ಸೀಟಿ ಊದಿದ. 1-0.

ಎಲ್ಲರ ಕೈ ಕುಲುಕಿ, ಹಾರ ಹಾಕಿಸಿಕೊಂಡು, ಹಾರ ತೆಗೆದು ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದ. ಒದ್ದೆ ಹುಲ್ಲಿನ ಮೇಲೆ ಕೂತು ಬಲಗೈ ಚಾಚಿದ. ಕಿರುಬೆರಳು ಊದಿಕೊಂಡು ಗ್ಲೌಸು ಬರುತ್ತಿರಲಿಲ್ಲ. ನಾನು ಮೆಲ್ಲಗೆ, ಒಂದೊಂದೇ ಬೆರಳು ಬಿಡಿಸುತ್ತಾ ಎಳೆದೆ.

"ಹುಡುಗನ ಕಿವಿ ಒಳ್ಳೇದಿದೆ ಶರೀಫಾ," ಅಂದ. "ಹೆಸರು ಸರಿಯಾಗಿ ಕರೆದಾಗ ಬಿಟ್ಟ, ನೋಡಿದ್ಯಾ?"

"ನೋಡಿದೆ ಅಣ್ಣ," ಅಂದೆ.