ಎಷ್ಟು ತೆರೆದಿದೆ? ಐದನೇ ತರಗತಿಗೆ ಕೋನದ ಚಟುವಟಿಕೆ

ಮಕ್ಕಳೇ, ಇವತ್ತು ಜಾಮಿಟ್ರಿ ಬಾಕ್ಸ್ ಬ್ಯಾಗಲ್ಲೇ ಇರಲಿ. ಕೋನಮಾಪಕ ಮುಂದಿನ ವಾರ ತೆಗೆಯೋಣ. ಎಲ್ಲರೂ ಎದ್ದು, ಪಕ್ಕದವರಿಗೆ ಕೈ ತಾಗದ ಹಾಗೆ ದೂರ ನಿಂತುಕೊಳ್ಳಿ.

ಎರಡೂ ಕೈ ಮುಂದೆ ಚಾಚಿ ಅಂಗೈ ಜೋಡಿಸಿ. ಎಡಗೈ ಅಲ್ಲೇ ಇರಲಿ, ಬಲಗೈ ಮಾತ್ರ ನಿಧಾನವಾಗಿ ಪಕ್ಕಕ್ಕೆ ಬರಲಿ. ಸ್ವಲ್ಪ ತೆರೆದರೆ ಲಘುಕೋನ. ಬಲಗೈ ನೇರ ಬಲಕ್ಕೆ ಬಂತಾ? ಅದು ಲಂಬಕೋನ. ಅದಕ್ಕಿಂತ ಜಾಸ್ತಿ ತೆರೆದರೆ ವಿಶಾಲಕೋನ, ಹೆಗಲು ನೋಯುವಷ್ಟು ಎಳೆಯಬೇಡಿ. ಈಗ ಎಡಗೈ ಎಡಕ್ಕೆ, ಬಲಗೈ ಬಲಕ್ಕೆ: ಸರಳಕೋನ.

ಒಬ್ಬರು ನನ್ನ ಪಕ್ಕ ಬನ್ನಿ. ಇಬ್ಬರೂ ಲಂಬಕೋನ ಮಾಡೋಣ. ನನ್ನ ಕೈ ಉದ್ದ, ನಿಮ್ಮದು ಚಿಕ್ಕದು. ಯಾರ ಕೋನ ದೊಡ್ಡದು? ಉತ್ತರ ಈಗಲೇ ಹೇಳಬೇಡಿ, ಬಾಗಿಲ ಹತ್ತಿರ ಹೋಗೋಣ.

ಮೊದಲು ಹಳೇ ಪೇಪರ್ ತುಂಡೊಂದನ್ನು ಮಡಚಿ. ಹರಿದು ಸೊಟ್ಟಗಿದ್ದರೂ ಪರವಾಗಿಲ್ಲ. ಮಡಚಿದ ಗೆರೆ ಅದರ ಮೇಲೇ ಸರಿಯಾಗಿ ಕೂರುವ ಹಾಗೆ ಇನ್ನೊಂದು ಸಲ ಮಡಚಿ. ಆ ಮೂಲೆಯೇ ನಿಮ್ಮ ಲಂಬಕೋನ.

ಬಾಗಿಲು ಮುಚ್ಚಿ, ಅದರ ಬುಡದುದ್ದಕ್ಕೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಸ್ವಲ್ಪ ತೆರೆದು ಇನ್ನೊಂದು ಗೆರೆ. ಎರಡೂ ಗೆರೆ ಕೀಲಿನ ಹತ್ತಿರ ಸೇರುತ್ತವೆ ಅಲ್ವಾ? ಅಲ್ಲಿ ಪೇಪರ್ ಮೂಲೆ ಇಡಿ. ಗೆರೆಗಳ ನಡುವೆ ಹಿಡಿಸದಿದ್ದರೆ ಲಘುಕೋನ, ಸರಿಯಾಗಿ ಕೂರುವವರೆಗೆ ಬಾಗಿಲು ತೆರೆಯುತ್ತಾ ಹೋಗಿ. ಕೂತಿತಾ? ಈಗ ನಿಮ್ಮ ನೋಟ್‌ಬುಕ್ಕಿನ ರಟ್ಟನ್ನೂ ಅದೇ ಮೂಲೆ ಹಿಡಿಸುವಷ್ಟು ಎತ್ತಿ. ಬಾಗಿಲ ಅಂಚು ಎಷ್ಟೋ ದೂರ ಓಡಾಡಿತು, ರಟ್ಟಿನ ಅಂಚು ಗೇಣಿನಷ್ಟು. ಆದರೂ ಎರಡಕ್ಕೂ ಒಂದೇ ಮೂಲೆ ಸರಿಹೋಯಿತು! ಕೋನ ಅಂದರೆ ಎಷ್ಟು ತಿರುಗಿತು ಅನ್ನೋದು, ಉದ್ದ ಎಷ್ಟು ಅನ್ನೋದಲ್ಲ. ಈಗ ಹೇಳಿ, ನನ್ನ ಕೋನ ದೊಡ್ಡದಾ, ನಿಮ್ಮದಾ?

ಇನ್ನು ಗಡಿಯಾರ. ನಮ್ಮ ಮೈಸೂರಿನ ದೊಡ್ಡ ಗಡಿಯಾರ ನೋಡಿದ್ದೀರಲ್ಲ, ಕನ್ನಡ ಅಂಕಿಗಳಿರುವುದು? ಅಲ್ಲಿ ಮೂರು ಗಂಟೆ ಆದಾಗ ಮುಳ್ಳುಗಳ ನಡುವೆ ಲಂಬಕೋನ, ಅಮ್ಮನ ಕೈಗಡಿಯಾರದಲ್ಲೂ ಅಷ್ಟೇ. ಆರಕ್ಕೆ ಸರಳಕೋನ. ಒಂದು, ಎರಡಕ್ಕೆ ಲಘುಕೋನ. ನಾಲ್ಕು, ಐದಕ್ಕೆ ನೀವೇ ಹೇಳಿ.

ಮೂರೂವರೆಗೆ? ಲಂಬಕೋನ ಅಂತ ಥಟ್ಟನೆ ಹೇಳಬೇಡಿ. ಉದ್ದ ಮುಳ್ಳು 6ಕ್ಕೆ ಬರುವಷ್ಟರಲ್ಲಿ ಗಿಡ್ಡ ಮುಳ್ಳು ಸುಮ್ನೆ ಕೂತಿರುವುದಿಲ್ಲ, 3 ಮತ್ತು 4ರ ನಡುವೆ ಬಂದಿರುತ್ತದೆ. ಅಂದರೆ 6ರ ಕಡೆಗೇ ಸರಿದಿದೆ, ಹಾಗಾಗಿ ಲಂಬಕ್ಕಿಂತ ಸ್ವಲ್ಪ ಕಮ್ಮಿ.

ಒಂಬತ್ತೂವರೆಗೆ ಏನಾಗುತ್ತದೆ ಅಂತ ಕೈಯಲ್ಲೇ ಮಾಡಿ ಪಕ್ಕದವರಿಗೆ ತೋರಿಸಿ. ಅವರು ಒಪ್ಪದಿದ್ದರೆ ಪೇಪರ್ ಮೂಲೆ ತಗೊಂಡು ಇಬ್ಬರೂ ಗೋಡೆ ಗಡಿಯಾರದ ಹತ್ತಿರ ಬನ್ನಿ, ಮುಳ್ಳು ತಿರುಗಿಸಿ ನೋಡೋಣ.