ಬೂಟ್‌ಸ್ಟ್ರ್ಯಾಪ್: ಕೈಯಲ್ಲಿರುವ ಎಂಟೇ ಸಂಖ್ಯೆಗಳಿಂದ ಸ್ಟ್ಯಾಂಡರ್ಡ್ ಎರರ್

ಎಂಟು ಜನ ಒಂದು ಫಾರ್ಮ್ ತುಂಬಲು ತೆಗೆದುಕೊಂಡ ನಿಮಿಷಗಳು ಇವು ಅಂದುಕೊಳ್ಳಿ: 3, 5, 6, 7, 8, 9, 12, 30. ಸರಾಸರಿ 10. ಇವರ ಬದಲು ಬೇರೆ ಎಂಟು ಜನ ಸಿಕ್ಕಿದ್ದರೆ? 8 ಬರುತ್ತಿತ್ತೋ, 13 ಬರುತ್ತಿತ್ತೋ. ಹೀಗೆ ಪ್ರತಿ ಸಲ ಹೊಸ ಜನರನ್ನು ಆರಿಸಿದಾಗ ನಮ್ಮ ಉತ್ತರ ಎಷ್ಟು ಏರುಪೇರಾಗುತ್ತದೆ ಅನ್ನುವುದರ ಅಳತೆಯೇ ಸ್ಟ್ಯಾಂಡರ್ಡ್ ಎರರ್. ಸ್ಟ್ಯಾಂಡರ್ಡ್ ಡೀವಿಯೇಶನ್ ಬೇರೆ: ಅದು ಒಬ್ಬರಿಂದ ಒಬ್ಬರಿಗಿರುವ ವ್ಯತ್ಯಾಸ. ಈ ಎರಡನ್ನು ಕಲಸಿಕೊಳ್ಳುವವರೇ ಜಾಸ್ತಿ, ಇಲ್ಲಿ ಒಂದು ನಿಮಿಷ ನಿಲ್ಲಿ.

ಸರಾಸರಿಯ ಸ್ಟ್ಯಾಂಡರ್ಡ್ ಎರರ್‌ಗೆ ಸೂತ್ರ ಇದೆ, `s/√n`: `s` ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, `n` ಅಂದರೆ ಎಷ್ಟು ಜನ ಅನ್ನುವುದು. ನಮ್ಮ ಡೇಟಾದಲ್ಲಿ 8.52 / 2.83, ಅಂದರೆ ಸುಮಾರು 3. ಆದರೆ ಆ 30 ಸರಾಸರಿಯನ್ನು ಎಳೆದುಕೊಂಡು ಹೋಗುತ್ತಿದೆ, ಸಂಖ್ಯೆಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಮೀಡಿಯನ್ ನೋಡೋಣ ಅಂತ ಅನ್ನಿಸುತ್ತದೆ ಅಲ್ವಾ? ಅದಕ್ಕೆ ಇಷ್ಟು ಸುಲಭದ ಸೂತ್ರ ಇಲ್ಲ.

ಸಂಖ್ಯಾಶಾಸ್ತ್ರಜ್ಞ ಬ್ರಾಡ್ಲಿ ಎಫ್ರಾನ್ 1979ರಲ್ಲಿ ಕೊಟ್ಟ ಬೂಟ್‌ಸ್ಟ್ರ್ಯಾಪ್ ಅನ್ನುವ ದಾರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೊಸ ಜನರನ್ನು ಮತ್ತೆ ಮತ್ತೆ ಹುಡುಕಲು ಆಗುವುದಿಲ್ಲ, ಹಾಗಾಗಿ ಸಿಕ್ಕ ಎಂಟು ಜನರನ್ನೇ ಇಡೀ ಜನಸಮೂಹ ಅಂತ ಇಟ್ಟುಕೊಳ್ಳಿ. ಎಂಟು ಚೀಟಿ ಬರೆದು ಡಬ್ಬಿಗೆ ಹಾಕಿ, ಒಂದನ್ನು ಎತ್ತಿ, ಸಂಖ್ಯೆ ಬರೆದುಕೊಂಡು, ಚೀಟಿಯನ್ನು ವಾಪಸ್ ಡಬ್ಬಿಗೇ ಹಾಕಿ ಮತ್ತೆ ಎತ್ತಿ. ಹೀಗೆ ಎಂಟು ಸಲ. ವಾಪಸ್ ಹಾಕುವುದೇ ಇದರ ಜೀವ. ಹಾಕದಿದ್ದರೆ ಪ್ರತಿ ಸಲ ಅದೇ ಎಂಟು ಸಂಖ್ಯೆ ಬರುತ್ತವೆ, ಏನೂ ಬದಲಾಗುವುದಿಲ್ಲ.

ಒಂದು ಸಲ 5, 5, 30, 8, 3, 9, 30, 8 ಬಂತು ಅನ್ನಿ: ಸರಾಸರಿ 12.25, ಮೀಡಿಯನ್ 8. ಇನ್ನೊಂದು ಸಲ 3, 6, 6, 6, 7, 8, 9, 12: ಸರಾಸರಿ 7.1, ಮೀಡಿಯನ್ 6.5. ಎರಡನೇ ಸಲ 30 ಬರಲೇ ಇಲ್ಲ ನೋಡಿ. ನೂರು ಸಲ ಮಾಡಿದರೆ ಸುಮಾರು 34 ಸಲ ಹೀಗೇ ಆಗುತ್ತದೆ, ಸರಾಸರಿ ಅಷ್ಟೊಂದು ಕುಣಿಯುವುದಕ್ಕೆ ಇದೇ ಮುಖ್ಯ ಕಾರಣ. ಇದನ್ನೇ ಸಾವಿರಾರು ಸಲ ಮಾಡಿ, ಸಿಕ್ಕ ಉತ್ತರಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದರೆ ಅದೇ ನಿಮ್ಮ ಸ್ಟ್ಯಾಂಡರ್ಡ್ ಎರರ್! R ನಲ್ಲಿ ಮೂರು ಸಾಲು:

```r
x <- c(3, 5, 6, 7, 8, 9, 12, 30)
b <- replicate(5000, median(sample(x, replace = TRUE)))
sd(b)
```

`median` ಜಾಗದಲ್ಲಿ `mean` ಹಾಕಿ ನೋಡಿ, 2.8ರ ಆಸುಪಾಸು ಬರುತ್ತದೆ. ಸೂತ್ರ ಹೇಳಿದ 3ಕ್ಕಿಂತ ಸ್ವಲ್ಪ ಕಡಿಮೆ, ಯಾಕೆಂದರೆ ಸೂತ್ರದ `s` ಲೆಕ್ಕದಲ್ಲಿ `n-1`ರಿಂದ ಭಾಗಿಸುತ್ತೇವೆ, ಬೂಟ್‌ಸ್ಟ್ರ್ಯಾಪ್ ತಾನಾಗಿಯೇ `n`ರಿಂದ ಭಾಗಿಸಿದ ಹಾಗೆ ನಡೆದುಕೊಳ್ಳುತ್ತದೆ. ಡೇಟಾ ದೊಡ್ಡದಾದರೆ ಈ ವ್ಯತ್ಯಾಸ ಕಣ್ಣಿಗೂ ಬೀಳುವುದಿಲ್ಲ.

5000ವನ್ನು 50000 ಮಾಡಿದರೆ ಇನ್ನೂ ನಿಖರ ಆಗುತ್ತದೆ ಅಂತ ಸುಮ್ನೆ ನಂಬಬೇಡಿ. ಚೀಟಿ ಎತ್ತುವಾಗಿನ ಅದೃಷ್ಟದ ಪಾತ್ರ ಕಡಿಮೆಯಾಗುತ್ತದೆ ಅಷ್ಟೇ, ಡಬ್ಬಿಯಲ್ಲಿರುವುದು ಆಗಲೂ ಎಂಟೇ ಚೀಟಿ. ಆ ಎಂಟು ಜನರನ್ನು ಆರಿಸಿದ್ದೇ ತಪ್ಪಾಗಿದ್ದರೆ ಅದನ್ನು ಯಾವ ಬೂಟ್‌ಸ್ಟ್ರ್ಯಾಪೂ ಸರಿಮಾಡಲಾರದು. ಅತಿ ದೊಡ್ಡ ಸಂಖ್ಯೆ ಎಷ್ಟಿರಬಹುದು ಅಂತ ನೋಡುವುದಕ್ಕೆ ಇದನ್ನು ಬಳಸಲೇಬೇಡಿ, ಎಷ್ಟು ಸಲ ಎತ್ತಿದರೂ 30 ದಾಟುವುದಿಲ್ಲ. ದಿನದಿನದ ತಾಪಮಾನದ ಹಾಗೆ ಒಂದಕ್ಕೊಂದು ಅಂಟಿಕೊಂಡ ಡೇಟಾ ಆದರೆ ಬಿಡಿ ಚೀಟಿ ಎತ್ತಬಾರದು, ಅಕ್ಕಪಕ್ಕದ ಒಂದಷ್ಟು ದಿನಗಳನ್ನು ಒಟ್ಟಿಗೇ ಎತ್ತಬೇಕು.