ಹೊಟ್ಟೆನೋವೆಂದು ಬಂದ ಕಟ್ಟುಹಾವಿನ ಕಡಿತ: ಎಂ ಆಂಡ್ ಎಂ ಸಭೆಯ ಮಂಡನೆಯ ಸಾರಾಂಶ

ತಾಲ್ಲೂಕು ಆಸ್ಪತ್ರೆ, ಅಕ್ಟೋಬರ್ ತಿಂಗಳ ಸಭೆ. ಮಂಡಿಸಿದವರು: ಮೆಡಿಸಿನ್ ವಿಭಾಗದ ವೈದ್ಯರು. ಸಭೆಗೆ ಬಂದವರಿಗೂ, ಡ್ಯೂಟಿ ಇದ್ದು ಬರಲಾಗದವರಿಗೂ ಈ ಸಾರಾಂಶ. ರೋಗಿಯ ಹೆಸರು, ಊರು ಬಿಟ್ಟಿದ್ದೇವೆ. ಆ ರಾತ್ರಿ ಕೆಲಸದಲ್ಲಿದ್ದವರ ಹೆಸರೂ ಇಲ್ಲ. ಮಂಡಿಸುವ ಮೊದಲು ಅವರೆಲ್ಲರ ಜೊತೆ ಕೂತು ಮಾತಾಡಿದ್ದೇನೆ. ಗಂಟೆಗಳ ವಿವರವನ್ನು ಅವರೇ ನೋಡಿ ಸರಿಪಡಿಸಿ ಕೊಟ್ಟಿದ್ದಾರೆ.

ನಡೆದದ್ದು

34 ವರ್ಷದ ಮಹಿಳೆ. ಕಬ್ಬು ಕಟಾವಿಗೆಂದು ಬೇರೆ ಜಿಲ್ಲೆಯಿಂದ ಗಂಡ, ಇಬ್ಬರು ಮಕ್ಕಳ ಜೊತೆ ಬಂದಿದ್ದವರು. ಮೊದಲು ಯಾವ ಕಾಯಿಲೆಯೂ ಇರಲಿಲ್ಲ. ರಾತ್ರಿ ಎರಡೂವರೆ ಹೊತ್ತಿಗೆ ಹೊಟ್ಟೆನೋವಿನಿಂದ ಎಚ್ಚರವಾಗಿದೆ. ಎರಡು ಸಲ ವಾಂತಿ. ಟ್ರಾಕ್ಟರ್‌ನಲ್ಲಿ ಕರೆತಂದಾಗ ಬೆಳಗಿನ ಜಾವ 4:10.

ಕ್ಯಾಷುವಾಲ್ಟಿಯಲ್ಲಿ ನೋಡಿದಾಗ ನಾಡಿ 104, ಬಿಪಿ 130/80, ಸ್ಯಾಚುರೇಷನ್ 98. ಹೊಟ್ಟೆ ಮೆದುವಾಗಿತ್ತು. ಇಸಿಜಿ ಸರಿಯಾಗಿತ್ತು. ಹಿಂದಿನ ರಾತ್ರಿ ಹೊರಗಿನ ಊಟ ಮಾಡಿದ್ದರು. ಪ್ಯಾಂಟೊಪ್ರಜೋಲ್, ಒಂಡಾನ್‌ಸೆಟ್ರಾನ್, ಡೈಸೈಕ್ಲೊಮಿನ್ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ ಅಬ್ಸರ್ವೇಷನ್ ಮಂಚಕ್ಕೆ ಕಳಿಸಲಾಯಿತು. ಅಷ್ಟರಲ್ಲಿ ಬೈಕ್ ಅಪಘಾತದ ಇಬ್ಬರು ಬಂದರು. ಇಡೀ ಕ್ಯಾಷುವಾಲ್ಟಿಗೆ ಡ್ಯೂಟಿ ಡಾಕ್ಟರ್ ಒಬ್ಬರೇ.

5:20ಕ್ಕೆ ರೋಗಿ "ಕಣ್ಣು ಮಂಜಾಗ್ತಿದೆ, ಎರಡೆರಡು ಕಾಣ್ತಿದೆ" ಎಂದರು. ಡೈಸೈಕ್ಲೊಮಿನ್‌ನಿಂದ ಕಣ್ಣು ಮಂಜಾಗುವುದು ಉಂಟು. ಅದೇ ಇರಬೇಕು ಅಂದುಕೊಂಡೆವು. 5:40ಕ್ಕೆ ಸಿಸ್ಟರ್ ಶೀಟ್‌ನಲ್ಲಿ ಹೀಗೆ ಬರೆದಿದ್ದಾರೆ: "ಕಣ್ಣು ಪೂರ್ತಿ ತೆರೆಯುತ್ತಿಲ್ಲ, ನಿದ್ದೆಯಲ್ಲಿರುವಂತಿದೆ, ಕರೆದರೆ ಉತ್ತರಿಸುತ್ತಾರೆ." ಇಡೀ ಕೇಸ್ ಶೀಟ್‌ನಲ್ಲಿ ನನಗೆ ಅತ್ಯಂತ ಮುಖ್ಯ ಅನಿಸಿದ ಸಾಲು ಇದು.

6:30ಕ್ಕೆ ಡಾಕ್ಟರ್ ಮತ್ತೆ ನೋಡಿದಾಗ ಎರಡೂ ರೆಪ್ಪೆ ಇಳಿಬಿದ್ದಿದ್ದವು. ಮಾತು ಮೂಗಿನಲ್ಲಿ ಬರುತ್ತಿತ್ತು. ದಿಂಬಿನಿಂದ ತಲೆ ಎತ್ತಲು ಆಗುತ್ತಿರಲಿಲ್ಲ. ಒಂದೇ ಉಸಿರಿನಲ್ಲಿ ಎಣಿಸಲು ಹೇಳಿದರೆ 9ಕ್ಕೆ ನಿಂತರು. ಮೈಯೆಲ್ಲ ಹುಡುಕಿದರೂ ಕಡಿದ ಗುರುತು ಸಿಗಲಿಲ್ಲ. ಆದರೂ ಡಾಕ್ಟರ್ ಕಟ್ಟುಹಾವಿನ ಕಡಿತ ಎಂದು ತೀರ್ಮಾನಿಸಿ ಎಎಸ್‌ವಿ ಬರೆದರು. ಕ್ಯಾಷುವಾಲ್ಟಿಯಲ್ಲಿ ಇದ್ದದ್ದು 4 ವಯಲ್. 6:42ಕ್ಕೆ ಅಷ್ಟನ್ನೇ ಶುರು ಮಾಡಿದರು. ಉಳಿದ 6 ವಯಲ್ ಸ್ಟೋರ್‌ನಲ್ಲಿದ್ದವು. ಬೀಗದ ಕೈ ಫಾರ್ಮಸಿಸ್ಟ್ ಮನೆಯಿಂದ ಬರಬೇಕಿತ್ತು. ಅದು ಸಿಕ್ಕಿದ್ದು 7:10ಕ್ಕೆ. ಅಟ್ರೊಪಿನ್ ಜೊತೆ ನಿಯೊಸ್ಟಿಗ್ಮಿನ್ ಕೊಟ್ಟು ನೋಡಿದರೂ ಸುಧಾರಿಸಲಿಲ್ಲ.

7:25ಕ್ಕೆ ಗಂಟಲಲ್ಲಿ ಜೊಲ್ಲು ತುಂಬಿಕೊಂಡು ಸ್ಯಾಚುರೇಷನ್ 84ಕ್ಕೆ ಇಳಿಯಿತು. ನಾನು ವಾರ್ಡಿನಿಂದ ಓಡಿ ಬಂದದ್ದು ಆಗ. ಲ್ಯಾರಿಂಗೊಸ್ಕೋಪಿನ ಬಲ್ಬ್ ಹತ್ತಲಿಲ್ಲ. ಇನ್ನೊಂದು ಓಟಿಯಲ್ಲಿತ್ತು. ಅದನ್ನು ತಂದು ಟ್ಯೂಬ್ ಹಾಕಿದಾಗ 7:38. ಆ ನಡುವೆ ಮಾಸ್ಕ್‌ನಲ್ಲಿ ಗಾಳಿ ಸರಿಯಾಗಿ ಹೋಗಲಿಲ್ಲ. ನಾಡಿ ನಿಂತಿತು. 4 ನಿಮಿಷ ಸಿಪಿಆರ್ ಆದಮೇಲೆ ಮರಳಿತು.

ವೆಂಟಿಲೇಟರ್ ಇರುವ ಆಂಬ್ಯುಲೆನ್ಸ್ ಹತ್ತಿರದಲ್ಲಿ ಇರಲಿಲ್ಲ. 70 ಕಿಲೋಮೀಟರ್ ದೂರದ ದೊಡ್ಡಾಸ್ಪತ್ರೆಯವರೆಗೂ ನಮ್ಮ ಸ್ಟಾಫ್ ನರ್ಸ್ ಒಬ್ಬರು ಆಂಬು ಬ್ಯಾಗ್ ಒತ್ತುತ್ತಲೇ ಹೋದರು. ಅಲ್ಲಿ ಮತ್ತೆ 10 ವಯಲ್ ಎಎಸ್‌ವಿ ಕೊಟ್ಟು ವೆಂಟಿಲೇಟರ್‌ಗೆ ಹಾಕಿದರು. ಐದನೇ ದಿನ ಕೈಕಾಲಿಗೆ ಶಕ್ತಿ ಮರಳಿತು, ಎಚ್ಚರ ಮರಳಲಿಲ್ಲ. ಆಮ್ಲಜನಕ ಸಿಗದೆ ಮೆದುಳಿಗೆ ಹಾನಿಯಾಗಿತ್ತು. ಒಂಬತ್ತನೇ ದಿನ ನ್ಯುಮೋನಿಯಾದಿಂದ ತೀರಿಕೊಂಡರು.

ಆಗ ನಮಗೆ ಏನು ಕಾಣುತ್ತಿತ್ತು

ಕೊನೆ ಗೊತ್ತಾದ ಮೇಲೆ ಮೊದಲಿನಿಂದ ಓದಿದರೆ ಎಲ್ಲವೂ ಸ್ಪಷ್ಟವಾಗಿಯೇ ಇತ್ತು ಅನಿಸುತ್ತದೆ. ಹಾಗಾಗಿ ಸಭೆಯಲ್ಲಿ ಮೊದಲು ಒಂದು ಕೆಲಸ ಮಾಡಿದೆವು. 4:10ರ ವಿವರ ಮಾತ್ರ ತೆರೆಯ ಮೇಲೆ ಹಾಕಿ, ನೀವಾಗಿದ್ದರೆ ಏನೆಂದುಕೊಳ್ಳುತ್ತಿದ್ದಿರಿ ಎಂದು ಚೀಟಿಯಲ್ಲಿ ಬರೆಸಿದೆವು. 17 ಚೀಟಿ ಬಂದವು. ಗ್ಯಾಸ್ಟ್ರೈಟಿಸ್, ಫುಡ್ ಪಾಯ್ಸನಿಂಗ್, ಪ್ಯಾಂಕ್ರಿಯಾಟೈಟಿಸ್ ಎಂದೇ ಹೆಚ್ಚಿನವರು ಬರೆದಿದ್ದರು. ಹಾವು ಎಂದು ಬರೆದವರು ಇಬ್ಬರು. ನಾನು ಬರೆದದ್ದೂ ಗ್ಯಾಸ್ಟ್ರೈಟಿಸ್ ಎಂದೇ, ಅದೂ ಕೇಸ್ ಗೊತ್ತಾಗುವ ಮುಂಚಿನ ನನ್ನ ಅಭ್ಯಾಸವನ್ನು ನೆನೆದು.

ಮಂಡಲದ ಹಾವು ಕಡಿದರೆ ಕಾಲು ಊದುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ, ಉರಿ ತಡೆಯಲಾಗದು. ಕಡಿತ ತಾನಾಗಿ ಕಾಣುತ್ತದೆ. ಕಟ್ಟುಹಾವು ಹಾಗಲ್ಲ. ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಡಿಯುತ್ತದೆ. ಹಲ್ಲು ಸಣ್ಣದು. ನೋವಿಲ್ಲ, ಊತವಿಲ್ಲ, ಗುರುತೂ ಎಷ್ಟೋ ಸಲ ಇರುವುದಿಲ್ಲ. ಹೊಟ್ಟೆನೋವು, ವಾಂತಿ, ಗಂಟಲುನೋವು ಎಂದು ನಸುಕಿನಲ್ಲಿ ಬರುತ್ತಾರೆ. 20 ನಿಮಿಷದ ರಕ್ತ ಪರೀಕ್ಷೆಯಲ್ಲಿ ರಕ್ತ ಚೆನ್ನಾಗಿ ಹೆಪ್ಪುಗಟ್ಟುತ್ತದೆ, ಇವರದೂ ಹೆಪ್ಪುಗಟ್ಟಿತ್ತು. ಅದನ್ನು ನೋಡಿ ಹಾವಲ್ಲ ಎಂದು ಬಿಡಬಾರದು. ಆ ಹೊತ್ತಿನಲ್ಲಿ ಡಾಕ್ಟರ್ ಹಾಗೆ ಬಿಡಲಿಲ್ಲ. ಗುರುತಿಲ್ಲದಿದ್ದರೂ ರಕ್ತ ಸರಿಯಿದ್ದರೂ ಎಎಸ್‌ವಿ ಶುರು ಮಾಡಿದ್ದು ತುಂಬ ಒಳ್ಳೆಯ ನಿರ್ಧಾರ.

ಕೇಳದೇ ಉಳಿದ ಪ್ರಶ್ನೆ

ಮೂರನೇ ದಿನ ದೊಡ್ಡಾಸ್ಪತ್ರೆಯಲ್ಲಿ ಗಂಡನ ಜೊತೆ ಮಾತಾಡಿದೆ. ಕಬ್ಬಿನ ಗದ್ದೆಯ ಪಕ್ಕದ ಶೆಡ್‌ನಲ್ಲಿ ಎಲ್ಲರೂ ನೆಲಕ್ಕೆ ಗೋಣಿ ಹಾಸಿ ಮಲಗುತ್ತಿದ್ದರಂತೆ. ಅದಕ್ಕೆ ನಾಲ್ಕು ದಿನ ಮೊದಲು ಅದೇ ಶೆಡ್‌ನಲ್ಲಿ ಬಿಳಿ ಪಟ್ಟೆಯ ಕಪ್ಪು ಹಾವೊಂದನ್ನು ಹೊಡೆದಿದ್ದರಂತೆ. "ನೀವು ಯಾರೂ ಕೇಳಲಿಲ್ಲ ಸಾರ್, ನನಗೂ ಹೊಟ್ಟೆನೋವಿಗೂ ಹಾವಿಗೂ ಸಂಬಂಧ ಅಂತ ಹೊಳೀಲಿಲ್ಲ" ಎಂದರು. ಆ ಮಾತಲ್ಲಿ ಸಿಟ್ಟಿರಲಿಲ್ಲ. ಮನೆಗೆ ಬಂದ ಮೇಲೂ ಅದು ನನ್ನ ಕಿವಿಯಲ್ಲೇ ಇತ್ತು.

ಊಟ ಏನು ಮಾಡಿದಿರಿ ಎಂದು ನಮ್ಮ ಶೀಟ್ ಕೇಳುತ್ತದೆ. ಮದ್ಯ, ಮಾತ್ರೆ, ಮುಟ್ಟು ಎಲ್ಲ ಕೇಳುತ್ತದೆ. "ರಾತ್ರಿ ಎಲ್ಲಿ ಮಲಗಿದ್ದಿರಿ?" ಎಂದು ಆಗ ಕೇಳುತ್ತಿರಲಿಲ್ಲ. ನಾಲ್ಕು ಗಂಟೆ ನಸುಕಿನಲ್ಲಿ, 12 ಗಂಟೆ ಡ್ಯೂಟಿ ಮಾಡಿದವರಿಗೆ ಶೀಟ್‌ನಲ್ಲಿ ಇಲ್ಲದ ಪ್ರಶ್ನೆ ನೆನಪಾಗಬೇಕು ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಈ ಕೇಸಿನಿಂದ ಒಂದೇ ಒಂದು ವಿಷಯ ತೆಗೆದುಕೊಂಡು ಹೋಗುವುದಾದರೆ ಈ ಪ್ರಶ್ನೆ ತೆಗೆದುಕೊಂಡು ಹೋಗಿ. ಕತ್ತಲಿರುವಾಗ ಹೊಟ್ಟೆನೋವು, ವಾಂತಿ ಎಂದು ಬಂದವರನ್ನೆಲ್ಲ ಕೇಳಿ. ನೆಲದ ಮೇಲೆ ಅಂದರೆ ರೆಪ್ಪೆ ನೋಡಿ.

ಆಗಲೇ ಎಎಸ್‌ವಿ ಕೊಡಬೇಕಿತ್ತೇ ಎಂಬ ಪ್ರಶ್ನೆ ಬಂತು. ಸಭೆಯಲ್ಲಿ ಈ ಬಗ್ಗೆ ಜಾಸ್ತಿ ಹೊತ್ತು ಚರ್ಚೆಯಾಯಿತು. ಬರೀ ಹೊಟ್ಟೆನೋವಿಗೆ, ಕಡಿತದ ಸುಳಿವೇ ಇಲ್ಲದೆ ಎಎಸ್‌ವಿ ಕೊಡಲು ಆಗುವುದಿಲ್ಲ. ಅದಕ್ಕೂ ಅಪಾಯಕರ ರಿಯಾಕ್ಷನ್ ಇದೆ. ಇನ್ನೊಂದು ಮಾತು: ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಒಮ್ಮೆ ಹಾನಿಯಾದರೆ ಎಎಸ್‌ವಿ ಅದನ್ನು ಹಿಂದಕ್ಕೆ ತರುವುದಿಲ್ಲ, ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಮಾತ್ರ ತಡೆಯುತ್ತದೆ. ನಾಗರಹಾವಿನ ಕಡಿತದಲ್ಲಿ ನಿಯೊಸ್ಟಿಗ್ಮಿನ್ ಕೆಲಸ ಮಾಡಿದಷ್ಟು ಇಲ್ಲಿ ಮಾಡದಿರುವುದಕ್ಕೂ ಇದೇ ಕಾರಣ. ನರದ ತುದಿ ತಾನೇ ಬೆಳೆದು ಸರಿಯಾಗಬೇಕು, ಅದಕ್ಕೆ ದಿನಗಳು ಬೇಕು. ಅಲ್ಲಿಯವರೆಗೆ ರೋಗಿಯನ್ನು ಉಳಿಸುವುದು ಗಾಳಿ. ಎಲ್ಲಿ ಮಲಗಿದ್ದಿರಿ ಎಂಬ ಪ್ರಶ್ನೆ 4:10ಕ್ಕೇ ಬಂದಿದ್ದರೆ ಸಿಗುತ್ತಿದ್ದದ್ದು ಎರಡು ಗಂಟೆ: ಸಿಸ್ಟರ್ ಕಣ್ಣೆದುರಿನ ಮಂಚ, ಕೈಗೆ ಸಿಗುವ ಎಎಸ್‌ವಿ, ಪರೀಕ್ಷಿಸಿಟ್ಟ ಲ್ಯಾರಿಂಗೊಸ್ಕೋಪ್, ಗಾಬರಿಯಿಲ್ಲದೆ ಹಾಕುವ ಟ್ಯೂಬ್.

ಸ್ಯಾಚುರೇಷನ್ ನಂಬಿಕೊಂಡು ಕೂರಬಾರದು

7 ಗಂಟೆಗೆ ಸ್ಯಾಚುರೇಷನ್ 97 ಇತ್ತು, ಆಕ್ಸಿಜನ್ ಮೇಲೆ. ಅದನ್ನು ನೋಡಿ ಎಲ್ಲರಿಗೂ ಸ್ವಲ್ಪ ಧೈರ್ಯ ಬಂದಿತ್ತು. ಆದರೆ ಉಸಿರಾಟದ ಸ್ನಾಯು ಸೋಲುವಾಗ ಆ ಅಂಕಿ ಇಳಿಯುವುದು ಕೊನೆಗೆ. ಕತ್ತು ಎತ್ತಲಾಗದಿರುವುದು, ಎಂಜಲು ನುಂಗಲಾಗದಿರುವುದು, ಒಂದೇ ಉಸಿರಿನ ಎಣಿಕೆ 20 ದಾಟದಿರುವುದು ಅದಕ್ಕಿಂತ ಮೊದಲು ಹೇಳುತ್ತವೆ. 9ಕ್ಕೆ ನಿಂತಾಗಲೇ ಟ್ಯೂಬಿಗೆ ತಯಾರಿ ಶುರುವಾಗಬೇಕು. ಎಎಸ್‌ವಿ ಕೆಲಸ ಮಾಡಲಿ ನೋಡೋಣ ಎಂದು ಕಾಯುವುದಲ್ಲ.

ಇನ್ನೊಂದು ವಿಷಯ ಈ ಕೇಸಿಗೆ ನೇರ ಸಂಬಂಧಿಸಿದ್ದಲ್ಲ, ಆದರೂ ಹೇಳದೆ ಬಿಡಲಾರೆ. ಕಟ್ಟುಹಾವಿನ ಕಡಿತದಲ್ಲಿ ಕಣ್ಣಿನ ಪಾಪೆ ಅಗಲವಾಗಿ ಬೆಳಕಿಗೆ ಅಲುಗಾಡದೆ ಇರಬಹುದು. ಕೈಕಾಲು ಒಂದಿಷ್ಟೂ ಆಡದಿರಬಹುದು. ನೋಡಿದವರಿಗೆ ಎಲ್ಲ ಮುಗಿಯಿತು ಅನಿಸುತ್ತದೆ. ಒಳಗೆ ರೋಗಿಗೆ ಪೂರ್ತಿ ಎಚ್ಚರ ಇರಬಹುದು, ನಾವಾಡುವ ಮಾತೆಲ್ಲ ಕೇಳಿಸುತ್ತಿರಬಹುದು. ಆದ್ದರಿಂದ ಮಂಚದ ಪಕ್ಕ "ಇನ್ನೇನೂ ಇಲ್ಲ" ಎಂಬ ಮಾತು ಬೇಡ. ನಿದ್ದೆಯ ಔಷಧ ಕೊಡಿ, ಏನು ಮಾಡುತ್ತಿದ್ದೀರೆಂದು ಅವರಿಗೇ ಹೇಳುತ್ತಾ ಮಾಡಿ.

ಸಿಸ್ಟರ್ ಬರೆದ ಸಾಲು

5:40ರ ಸಾಲು ಶೀಟ್‌ನಲ್ಲೇ ಉಳಿಯಿತು, ಡಾಕ್ಟರ್ ಕಿವಿಗೆ ಬೀಳಲಿಲ್ಲ. ಯಾಕೆಂದು ಸಿಸ್ಟರ್ ಅವರನ್ನೇ ಕೇಳಿದೆ. ಡಾಕ್ಟರ್ ಅಪಘಾತದ ರೋಗಿಗೆ ಹೊಲಿಗೆ ಹಾಕುತ್ತಿದ್ದರು. "ನಿದ್ದೆ ಬಂದಿದೆ ಅಂತ ಹೇಳೋಕೆ ಅವರನ್ನ ಕರೀಲಾ" ಎಂದು ಹಿಂಜರಿದರಂತೆ. ಈ ಹಿಂಜರಿಕೆ ಯಾವ ವ್ಯಕ್ತಿಯ ಗುಣವೂ ಅಲ್ಲ, ನಮ್ಮ ಕೆಲಸದ ರೀತಿಯಿಂದ ಬಂದದ್ದು. ಯಾವುದಕ್ಕೆ ಕರೆಯಬೇಕು ಎಂದು ನಾವು ಯಾವತ್ತೂ ಸ್ಪಷ್ಟವಾಗಿ ಹೇಳಿಲ್ಲ. ಸುಮ್ನೆ "ಏನಾದರೂ ಇದ್ದರೆ ಕರೀರಿ" ಎಂದಿದ್ದೇವೆ, ಅಷ್ಟೇ.

ಈಗ ಹೀಗೆ ಒಪ್ಪಿಕೊಂಡಿದ್ದೇವೆ: ರೆಪ್ಪೆ ಇಳಿದರೆ, ಎರಡೆರಡು ಕಾಣುತ್ತದೆ ಎಂದರೆ, ದನಿ ಬದಲಾದರೆ, ನುಂಗಲು ಕಷ್ಟವಾದರೆ ಯಾರು ಬೇಕಾದರೂ, ಆಯಾ ಆದರೂ ಸರಿ, ಡಾಕ್ಟರ್ ಏನೇ ಮಾಡುತ್ತಿರಲಿ ಹೋಗಿ ಹೇಳಬಹುದು. ಕರೆದದ್ದು ವ್ಯರ್ಥವಾದರೂ ಯಾರೂ ಗೊಣಗುವಂತಿಲ್ಲ. ಈ ಮಾತನ್ನು ಸಭೆಯಲ್ಲಿ ಮೊದಲು ಹೇಳಿದವರು ಆ ರಾತ್ರಿಯ ಡ್ಯೂಟಿ ಡಾಕ್ಟರ್.

ಈಗಾಗಲೇ ಬದಲಾದದ್ದು, ಬಾಕಿ ಇರುವುದು

ಕ್ಯಾಷುವಾಲ್ಟಿ ಶೀಟ್‌ನಲ್ಲಿ ಮಲಗಿದ ಜಾಗದ ಪ್ರಶ್ನೆ ಸೇರಿದೆ. ಸದ್ಯಕ್ಕೆ ರಬ್ಬರ್ ಸ್ಟಾಂಪ್, ಹೊಸ ಶೀಟ್ ಅಚ್ಚಾದಾಗ ಅದರಲ್ಲೇ ಬರುತ್ತದೆ. ಸಂಶಯವಿದ್ದವರಿಗೆ 15 ನಿಮಿಷಕ್ಕೊಮ್ಮೆ ರೆಪ್ಪೆ, ಕತ್ತು, ಉಸಿರಿನ ಎಣಿಕೆ ನೋಡಿ ಬರೆಯುವ ಚಾರ್ಟ್ ತಯಾರಾಗಿದೆ. 10 ವಯಲ್ ಎಎಸ್‌ವಿ ಈಗ ಯಾವಾಗಲೂ ಕ್ಯಾಷುವಾಲ್ಟಿಯಲ್ಲೇ ಇರುತ್ತದೆ. ಸ್ಟೋರಿನ ಎರಡನೇ ಬೀಗದ ಕೈ ರಾತ್ರಿ ಪಾಳಿಯ ಸಿಸ್ಟರ್ ಇನ್‌ಚಾರ್ಜ್ ಬಳಿ ಇರುತ್ತದೆ. ಇದಕ್ಕೆ ಫಾರ್ಮಸಿಸ್ಟ್ ಅವರೇ ಮುಂದೆ ಬಂದು ರಿಜಿಸ್ಟರ್ ಮಾಡಿಕೊಟ್ಟರು. ಪ್ರತಿ ಪಾಳಿಯ ಶುರುವಿನಲ್ಲಿ ಲ್ಯಾರಿಂಗೊಸ್ಕೋಪಿನ ಬಲ್ಬ್ ಹತ್ತಿಸಿ ನೋಡಿ ಸಹಿ ಹಾಕಬೇಕು.

ಆಂಬ್ಯುಲೆನ್ಸ್‌ನಲ್ಲಿ ವೆಂಟಿಲೇಟರ್ ನಮ್ಮ ಕೈಯಲ್ಲಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಪತ್ರ ಹೋಗಿದೆ. ಅದು ಬರುವವರೆಗೆ ಟ್ಯೂಬ್ ಹಾಕಿದ ರೋಗಿಯ ಜೊತೆ ಇಬ್ಬರು ಹೋಗಬೇಕು. ಒಂದೂವರೆ ಗಂಟೆ ಒಬ್ಬರೇ ಬ್ಯಾಗ್ ಒತ್ತುವುದು ಯಾರಿಗೂ ಆಗುವ ಕೆಲಸವಲ್ಲ, ಅಂದು ಅದನ್ನು ಮಾಡಿದವರಿಗೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

2024ರಿಂದ ರಾಜ್ಯದಲ್ಲಿ ಹಾವು ಕಡಿತ ವರದಿ ಮಾಡಲೇಬೇಕಾದ ಕಾಯಿಲೆ. ಈ ಕೇಸಿನ ವರದಿ ತಡವಾಗಿ ಹೋಯಿತು, ಕಡಿತ ಎಂದು ಖಚಿತವಾಗುವವರೆಗೆ ಕಾದದ್ದರಿಂದ. ಸಂಶಯ ಬಂದ ದಿನವೇ ಕಳಿಸೋಣ.

ಕಟಾವಿನವರ ಶೆಡ್‌ಗಳಿಗೆ ಆಶಾ ಕಾರ್ಯಕರ್ತೆಯರ ಜೊತೆ ಹೋಗಿ ಬಂದೆವು. ಮಂಚ ಕೊಡಿಸುವುದು ಸುಲಭವಲ್ಲ. ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿ ಮಲಗಿದರೂ ಈ ಹಾವಿನಿಂದ ರಕ್ಷಣೆ ಸಿಗುತ್ತದೆ. ಆ ಮಹಿಳೆಯ ಗಂಡ ಅಲ್ಲೇ ಇದ್ದರು. ಪರದೆ ಹೇಗೆ ಸಿಕ್ಕಿಸಬೇಕೆಂದು ಉಳಿದವರಿಗೆ ತೋರಿಸಿದವರು ಅವರೇ. ಸಭೆಯಲ್ಲಿ ಏನು ಮಾತಾಡುತ್ತೇವೆ, ಏನೇನು ಬದಲಿಸುತ್ತೇವೆ ಎಂದು ಅವರಿಗೆ ಹೇಳಿದ್ದೇನೆ. ಶೀಟ್‌ನಲ್ಲಿ ಸ್ಟಾಂಪ್ ಹಾಕಿದ ಪ್ರಶ್ನೆಯನ್ನು ಓದಿ ತೋರಿಸಿದೆ.

ಜನವರಿ ಸಭೆಗೆ ಮೂರು ತಿಂಗಳ ರಾತ್ರಿ ಶೀಟ್‌ಗಳನ್ನು ಎಣಿಸಿ ತರುತ್ತೇನೆ: ನಸುಕಿನ ಹೊಟ್ಟೆನೋವು ಎಷ್ಟು, ಅದರಲ್ಲಿ ಈ ಪ್ರಶ್ನೆಗೆ ಉತ್ತರ ಬರೆದದ್ದು ಎಷ್ಟು ಎಂದು.